ಪ್ರಶ್ನೆಯ ಬಳಿಕ ಮೂರು ಸೆಕೆಂಡು

ಅಧ್ಯಾಪಕರ ತರಬೇತಿ ಶಿಬಿರದ ಧ್ವನಿಮುದ್ರಣದಿಂದ ಬೋಧನಕ್ರಮವನ್ನು ಸಂಗ್ರಹಿಸುವವರು ಮಾತನ್ನಷ್ಟೇ ಬರೆದುಕೊಂಡರೆ ಸಾಲದು. ಮಾದರಿ ಪಾಠದ ನಡುವಣ ಮೌನವನ್ನೂ ಗಡಿಯಾರ ಹಿಡಿದು ಅಳೆಯಬೇಕು. ಅಮೆರಿಕದ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಹೀಗೆ ಅಳೆದರು. ಪ್ರಶ್ನೆಯ ಬಳಿಕ ಉಪಾಧ್ಯಾಯರು ಕಾಯುತ್ತಿದ್ದುದು ಸುಮಾರು 1 ಸೆಕೆಂಡು. 3 ಸೆಕೆಂಡು ಕಾದಾಗ ಉತ್ತರಗಳು ದೀರ್ಘವಾದುವೆಂದು 1974ರಲ್ಲಿ ಪ್ರಕಟಿಸಿದರು.

ಮಂಜುಗಡ್ಡೆ ತುಂಬಿದ ಲೋಟದ ಹೊರಮೈಯ ಹನಿಗಳನ್ನು ತೋರಿಸಿ, “ಈ ನೀರು ಎಲ್ಲಿಂದ ಬಂದಿತು?” ಎಂದು ಕೇಳಿ ಮನಸ್ಸಿನಲ್ಲೇ ಮೂರು ಸೆಕೆಂಡು ಎಣಿಸಿರಿ. “ಒಳಗಿನಿಂದ ಜಿನುಗಿತು” ಎಂದು ಯಾರಾದರೂ ಹೇಳಿದರೆ, ತಪ್ಪೆನ್ನದೆ ಮತ್ತೊಮ್ಮೆ ಎಣಿಸಿರಿ. ಒಳಗಣ ನೀರಿಗೆ ಬಣ್ಣ ಹಾಕಿ ನೋಡೋಣವೆಂಬ ಸೂಚನೆ ವಿದ್ಯಾರ್ಥಿಯಿಂದಲೇ ಹೊರಡಲು ಈ ಎರಡನೆಯ ಮೌನವೇ ಎಡೆಕೊಡುವುದು. ಬಣ್ಣ ಹಾಕಿದ ಮೇಲೂ ಹನಿಗಳು ತಿಳಿಯಾಗಿಯೇ ಇದ್ದರೆ ಜಿನುಗಿನ ಊಹೆ ಬಿದ್ದಿತು. ಇನ್ನು ಗಾಳಿಯ ಆವಿಯತ್ತ ನೋಡಬೇಕು. ಮೌನಕ್ಕೆ ಅಂಜಿ ಪ್ರಶ್ನೆಯನ್ನೇ ಪುನಃ ನುಡಿದರೆ ಕಾದದ್ದು ವ್ಯರ್ಥ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆಂಬಂಥ ನೆನಪಿನ ಪ್ರಶ್ನೆಗಂತೂ ಕಾಯುವುದರಿಂದ ಹೆಚ್ಚಿನ ಲಾಭವಿಲ್ಲ.