ಬಾಯಿಮಾತಿನ ಆಫರ್ ನಂತರದ ಮೌನ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60ರಿಂದ 90 ದಿನಗಳ ನೋಟಿಸ್ ಅವಧಿ ಸಾಮಾನ್ಯ. ಫೋನಿನಲ್ಲಿ ಖುಷಿಯಿಂದ ಒಪ್ಪಿದ ಅಭ್ಯರ್ಥಿ ನಾಲ್ಕು ದಿನ ಸುದ್ದಿಯಿಲ್ಲದಿದ್ದರೆ ನೇಮಕಾತಿಯವರಿಗೆ ಕಳವಳ ಸಹಜ. ಆ ಕಡೆ ಹಳೆಯ ಕಂಪನಿ ಸಂಬಳ ಏರಿಸುವ ಮಾತಾಡಿರಬಹುದು. ಲಿಖಿತ ಆಫರ್ ಕೈಸೇರದೆ ರಾಜೀನಾಮೆ ಕೊಡಲು ಧೈರ್ಯ ಬಾರದಿರಬಹುದು.

ಪದೇಪದೇ ಕರೆ ಮಾಡುವುದಕ್ಕಿಂತ ಒಂದು ಸಂದೇಶ ಮೇಲು: “ನಮಸ್ಕಾರ. ಸೋಮವಾರ ಮಾತಾಡಿದ ಆಫರ್ ಬಗ್ಗೆ ಬರೆಯುತ್ತಿದ್ದೇನೆ. ಸಂಬಳ, ಸೇರುವ ದಿನಾಂಕ ಏನೇ ಅನುಮಾನವಿದ್ದರೂ ಕೇಳಿ. ಇನ್ನೂ ಸಮಯ ಬೇಕಿದ್ದರೆ ಎಷ್ಟು ದಿನ ಅಂತ ತಿಳಿಸಿ. ಬೇಡವೆನಿಸಿದ್ದರೂ ಹೇಳಿ, ಬೇಸರವಿಲ್ಲ.”

ಕೊನೆಯ ಸಾಲೇ ಮುಖ್ಯ. ‘ಇಲ್ಲ’ ಎನ್ನಲು ಮುಜುಗರಪಟ್ಟೇ ಅನೇಕರು ಸುಮ್ಮನಾಗುತ್ತಾರೆ.

ಸುಳ್ಳು ಗಡುವು ಹೇರುವುದು ತಪ್ಪು. ನಿಜವಾದ ಗಡುವಿದ್ದರೆ ಕಾರಣಸಹಿತ ಹೇಳಬೇಕು. ಎರಡನೇ ಸಂದೇಶಕ್ಕೂ ಉತ್ತರ ಬಾರದಿದ್ದರೆ, ಅಭ್ಯರ್ಥಿಗೆ ತಿಳಿಸಿಯೇ ಮುಂದಿನವರನ್ನು ಸಂಪರ್ಕಿಸುವುದು ಸರಿ.