ಗೇಮಿಂಗ್ ಕಂಪ್ಯೂಟರಿಗೆ ಯು.ಪಿ.ಎಸ್. ಬೇಕೇ, ಸ್ಟೆಬಿಲೈಸರ್ ಬೇಕೇ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟ್ ಬಂದು ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದರೆ ಮನೆಯ ದೀಪ ಮಂಕಾಗುವುದುಂಟು. ಆಗ ಮಗನ ಗೇಮಿಂಗ್ ಕಂಪ್ಯೂಟರ್ ಸುಟ್ಟುಹೋದೀತೆಂದು ಮನೆಯವರಿಗೆ ದಿಗಿಲು. ಮೊದಲು ಸ್ಟೆಬಿಲೈಸರ್ ತರಲು ಓಡುತ್ತಾರೆ.

ಓಡುವ ಮುನ್ನ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಡಬ್ಬಿಯ ಚೀಟಿ ಓದಿ. ಅದರಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ, 230 ಇರಬೇಕಾದ ಕರೆಂಟ್ 170ಕ್ಕೆ ಇಳಿದರೂ ಅದು ಸ್ವಲ್ಪ ಹೆಚ್ಚು ಆಂಪಿಯರ್ ಎಳೆದುಕೊಂಡು ಕೆಲಸ ನಡೆಸುತ್ತದೆ. ಅದಕ್ಕೆ ಬೇರೆ ಸ್ಟೆಬಿಲೈಸರ್ ದಂಡ. 200ರಿಂದ 240 ಎಂದಿದ್ದರೆ ಮಾತ್ರ ಇಳಿದ ವೋಲ್ಟೇಜನ್ನು ಏರಿಸುವ ಸಾಧನ ಬೇಕು. ಈಗಿನ ಬಹುತೇಕ ಮನೆಬಳಕೆಯ ಯು.ಪಿ.ಎಸ್.ಗಳು ಆ ಕೆಲಸವನ್ನೂ ಒಂದು ಮಿತಿಯೊಳಗೆ ಮಾಡುತ್ತವೆ.

ಕರೆಂಟ್ ಪೂರ್ತಿ ಹೋದರೆ ಸ್ಟೆಬಿಲೈಸರ್ ಕೈಚೆಲ್ಲುತ್ತದೆ. ಹಾರ್ಡ್ ಡಿಸ್ಕಿಗೆ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಂತು ಕೆಡಬಹುದು. ಆ ನಷ್ಟ ತಪ್ಪಿಸುವುದೇ ಯು.ಪಿ.ಎಸ್.ನ ನಿಜವಾದ ಕೆಲಸ. ಅದು ಆಟ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಕಂಪ್ಯೂಟರ್ ಆರಿಸಲಿಕ್ಕೆ.

ಈಗ ಒಂದು ಲೆಕ್ಕ. ಆಟದ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ 200 ವಾಟ್, ಪ್ರೊಸೆಸರಿಗೆ 100, ಮಾನಿಟರ್ ಮತ್ತಿತರ ಭಾಗಗಳಿಗೆ 90 ಎಂದಿಟ್ಟುಕೊಳ್ಳಿ. ಪವರ್ ಸಪ್ಲೈಯಲ್ಲಿ ಸೋರುವುದೂ ಸೇರಿ ಗೋಡೆಯಿಂದ ಸುಮಾರು 430 ವಾಟ್. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿ.ಎ. ಯು.ಪಿ.ಎಸ್. ಕೊಡುವುದು ಸುಮಾರು 360 ವಾಟ್ ಮಾತ್ರ. ಕರೆಂಟ್ ಹೋದ ಕೂಡಲೇ ಅದು ಕಿರುಚಿ ಆರಿಹೋಗುತ್ತದೆ. ಈ ಮನೆಗೆ 600 ವಾಟ್ ಕೊಡುವ 1000 ವಿ.ಎ.ಯದೇ ಆಗಬೇಕು. ಕೊಳ್ಳುವಾಗ ವಿ.ಎ. ನೋಡದೆ ವಾಟ್ ಕೇಳಿ.

ತಂದ ಮೇಲೆ ಪರೀಕ್ಷಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆದ ಬಳಿಕ, ಆಟವನ್ನು ಸೇವ್ ಮಾಡಿ ಮತ್ತೆ ಆಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ. ಪ್ಲಗ್ ಕೀಳಬೇಡಿ, ಅರ್ಥ್ ಸಂಪರ್ಕ ಹಾಗೇ ಇರಲಿ. ಕಂಪ್ಯೂಟರ್ ಐದು ನಿಮಿಷ ನಿಂತರೆ ಸಾಕು. ಆರು ತಿಂಗಳಿಗೊಮ್ಮೆ ಹೀಗೆ ನೋಡಿ. ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ.

ನಿಜವಾದ ಶತ್ರುಗಳು ಬೇರೆ ಎರಡಿವೆ. ಒಂದು, ಬೀದಿಯ ನ್ಯೂಟ್ರಲ್ ತಂತಿ ಕಡಿಯುವುದು. ಆಗ ಕೆಲವು ಮನೆಗೆ 400 ವೋಲ್ಟ್ ಹತ್ತಿರ ನುಗ್ಗಬಹುದು. ನಿಮ್ಮ ಬಲ್ಬು ಕಣ್ಣು ಕೋರೈಸುತ್ತಿದ್ದು ಪಕ್ಕದ ಮನೆಯದು ಮಂಕಾಗಿದ್ದರೆ ತಕ್ಷಣ ಮೇನ್ ಸ್ವಿಚ್ ಆರಿಸಿ. ವೋಲ್ಟೇಜ್ ಮಿತಿಮೀರಿದರೆ ಕರೆಂಟ್ ತಾನೇ ಕಡಿಯುವ ಸಾಧನವನ್ನು ಮೀಟರ್ ಬೋರ್ಡಿನ ಬಳಿ ಎಲೆಕ್ಟ್ರಿಷಿಯನ್ನರಿಂದ ಹಾಕಿಸಬಹುದು. ಇಡೀ ಮನೆಗೆ ಕಾವಲು.

ಇನ್ನೊಂದು ಸಿಡಿಲು. ಅದಕ್ಕೆ ಯು.ಪಿ.ಎಸ್.ಅನ್ನು ನಂಬಬೇಡಿ. ದೂರದಲ್ಲಿ ಗುಡುಗು ಕೇಳಿಸಿದಾಗಲೇ ಪ್ಲಗ್ ಕೀಳಿ, ಇಂಟರ್‌ನೆಟ್ಟಿನ ತಾಮ್ರದ ತಂತಿಯನ್ನೂ ಬಿಡಿಸಿ. ಮಳೆ ನೆತ್ತಿಯ ಮೇಲೆ ಬಂದ ಮೇಲೆ ಯಾವ ತಂತಿಯನ್ನೂ ಮುಟ್ಟಬೇಡಿ. ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು.