ದುಡ್ಡು ತಾನಾಗಿ ಕಟ್ ಆಗುತ್ತಿದೆಯೇ? ಪಾಸ್‌ಬುಕ್ಕಿನ ಸಾಲನ್ನು ಮೊದಲು ಓದಿ

ಖಾತೆಯಿಂದ ಪ್ರತಿ ತಿಂಗಳು ಹೋಗುತ್ತಿರುವ ಹಣವನ್ನು ನಿಲ್ಲಿಸಿಕೊಡಿ ಎಂದು ಬ್ಯಾಂಕಿಗೆ ಹೋದರೆ, "ಇದು ಕಂಪನಿಯವರು ಹಾಕಿದ್ದು, ಅವರನ್ನೇ ಕೇಳಿ" ಅನ್ನುತ್ತಾರೆ. ಕಂಪನಿಗೆ ಫೋನ್ ಮಾಡಿದರೆ, "ನಿಮ್ಮ ಬ್ಯಾಂಕಿನಲ್ಲೇ ಹೇಳಿ ಸಾರ್" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ತಾನಾಗಿ ಹಣ ಕಡಿತವಾಗಲು ನಾವು ಕೊಟ್ಟಿರುವ ಒಪ್ಪಿಗೆಗೆ ಮ್ಯಾಂಡೇಟ್ ಎಂದು ಹೆಸರು. ಅದು ನಮ್ಮ ಖಾತೆಗೆ ಬರಲು ಒಂದಲ್ಲ, ನಾಲ್ಕು ಬಾಗಿಲುಗಳಿವೆ: ಯುಪಿಐ, ನ್ಯಾಚ್, ಡೆಬಿಟ್ ಕಾರ್ಡು ಮತ್ತು ಬ್ಯಾಂಕಿನ ಸ್ವಂತ ಯೋಜನೆಗಳು. ಯಾವ ಬಾಗಿಲಿನಿಂದ ಬಂದಿದೆಯೋ ಅಲ್ಲೇ ಅದನ್ನು ಮುಚ್ಚಬೇಕು. ಯಾವುದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಪಾಸ್‌ಬುಕ್ಕಿನ ಆ ಸಾಲೇ ಹೇಳುತ್ತದೆ.

ಉದಾಹರಣೆಗೆ ರಾಣೆಬೆನ್ನೂರಿನ ಒಬ್ಬ ಬಟ್ಟೆ ಅಂಗಡಿಯವರ ಉಳಿತಾಯ ಖಾತೆಯನ್ನು ಇಟ್ಟುಕೊಳ್ಳೋಣ. ಏಪ್ರಿಲ್ 3ರಂದು UPI ಎಂದು ಶುರುವಾಗುವ ಸಾಲಿನಲ್ಲಿ 499 ರೂಪಾಯಿ ಹೋಗಿದೆ. ಏಪ್ರಿಲ್ 5ರಂದು ACH D ಎಂಬ ಸಾಲಿನಲ್ಲಿ 3,240 ರೂಪಾಯಿ. ಮೇ 27ರಂದು PMJJBY ಎಂದು 436 ರೂಪಾಯಿ. ಮೂರೂ ತಾನಾಗಿ ಕಟ್ ಆದವೇ, ಆದರೆ ನಿಲ್ಲಿಸುವ ದಾರಿ ಮೂರಕ್ಕೂ ಬೇರೆ ಬೇರೆ. ನಿಮ್ಮ ಖಾತೆಯನ್ನು ನೋಡುವಾಗ ಒಂದು ತಿಂಗಳ ಹಾಳೆ ಸಾಲದು. ವರ್ಷಕ್ಕೊಮ್ಮೆ ಕಟ್ ಆಗುವವು ಅದರಲ್ಲಿ ಸಿಗುವುದಿಲ್ಲ. ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ.

ಮೊದಲು 499 ರೂಪಾಯಿಯದು. ಮನೆಯಲ್ಲಿ ಯಾರೋ ಸಿನಿಮಾ ನೋಡುವ ಆ್ಯಪ್ ಒಂದನ್ನು ಹಾಕಿಕೊಂಡು, "ಮೊದಲ ವಾರಕ್ಕೆ ಒಂದೇ ರೂಪಾಯಿ" ಎಂಬುದನ್ನು ನೋಡಿ ಯುಪಿಐ ಪಿನ್ ಒತ್ತಿದ್ದರು. ಆ ಪಿನ್ ಒಂದು ರೂಪಾಯಿಗೆ ಮಾತ್ರ ಒತ್ತಿದ್ದಲ್ಲ. ಪಿನ್ ಕೇಳುವ ಪರದೆಯಲ್ಲಿಯೇ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಕಿನವರೆಗೆ ಎಂಬ ಮೂರು ವಿವರ ಇರುತ್ತವೆ. ಕಟ್ ಆಗುತ್ತಿರುವುದು 499 ಆದರೂ ಗರಿಷ್ಠ ಮೊತ್ತದ ಜಾಗದಲ್ಲಿ 1,499 ಎಂದಿರಬಹುದು. ಆಗ ಕಂಪನಿ ನಾಳೆ ದರ ಏರಿಸಿದರೂ 1,499ರವರೆಗೆ ನಿಮ್ಮ ಒಪ್ಪಿಗೆ ಆಗಲೇ ಸಿಕ್ಕಿದೆ. ಸಾಮಾನ್ಯ ಪಾವತಿಗಳಲ್ಲಿ 15,000 ರೂಪಾಯಿ ದಾಟದಿದ್ದರೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಕಟ್ ಆಗುವ ಒಂದು ದಿನ ಮೊದಲು ಸೂಚನೆಯ ಮೆಸೇಜ್ ಬರುತ್ತದೆ, ಅಷ್ಟೆ. ಜಾಹೀರಾತಿನ ಮೆಸೇಜುಗಳ ರಾಶಿಯಲ್ಲಿ ಅದನ್ನು ಓದುವವರು ಎಷ್ಟು ಮಂದಿ?

ಇದನ್ನು ನಿಲ್ಲಿಸುವ ಜಾಗ ಬ್ಯಾಂಕಿನ ಶಾಖೆಯಲ್ಲ, ಯುಪಿಐ ಆ್ಯಪ್. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಯಾವುದೇ ಇರಲಿ, ಪ್ರೊಫೈಲ್ ಚಿತ್ರದ ಮೇಲೆ ಒತ್ತಿದರೆ ತೆರೆಯುವ ಪಟ್ಟಿಯಲ್ಲೋ ಪೇಮೆಂಟ್ ಸೆಟ್ಟಿಂಗ್ಸ್‌ನಲ್ಲೋ Autopay ಎಂಬ ಸಾಲು ಇರುತ್ತದೆ. ಒಳಗೆ ಹೋದರೆ ಚಾಲ್ತಿಯಲ್ಲಿರುವ ಮ್ಯಾಂಡೇಟುಗಳ ಪಟ್ಟಿ ಕಾಣುತ್ತದೆ. ಬೇಡವಾದುದನ್ನು ತೆರೆದು Cancel ಅಥವಾ Revoke ಒತ್ತಿ, ಯುಪಿಐ ಪಿನ್ ಹಾಕಿದರೆ ಅದು ರದ್ದು. ಮೇಲೆ ಹೇಳಿದ ಮೆಸೇಜ್ ಬರುವ ಮೊದಲೇ ಈ ಕೆಲಸ ಮುಗಿಸಿದರೆ ಒಳ್ಳೆಯದು. ಕೊನೆಯ ಗಳಿಗೆಯಲ್ಲಿ ರದ್ದು ಮಾಡಹೊರಟರೆ ಆ ತಿಂಗಳದು ತಪ್ಪುತ್ತದೆಂಬ ಭರವಸೆ ಇಲ್ಲ.

ಎಷ್ಟೋ ಜನ ಎಡವುವುದು ಇದಕ್ಕಿಂತ ಮುಂಚೆಯೇ. ಫೋನ್‌ಪೇಯಲ್ಲಿ ಹುಡುಕುತ್ತಾರೆ, ಪಟ್ಟಿ ಖಾಲಿ. ಮ್ಯಾಂಡೇಟ್ ಮಾಡಿದ್ದು ಗೂಗಲ್ ಪೇಯಲ್ಲಿ ಆಗಿರುತ್ತದೆ. ಬಹಳ ಕಾಲ ಒಂದು ಆ್ಯಪಿನಲ್ಲಿ ಮಾಡಿದ್ದು ಇನ್ನೊಂದರಲ್ಲಿ ಕಾಣುತ್ತಲೇ ಇರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ ಒಂದು ಸುತ್ತೋಲೆ ಹೊರಡಿಸಿ, ಗ್ರಾಹಕರು ತಮ್ಮ ಎಲ್ಲ ಆಟೋಪೇಗಳನ್ನೂ ಯಾವುದೇ ಯುಪಿಐ ಆ್ಯಪಿನಲ್ಲಿ ನೋಡುವಂತಾಗಬೇಕು, ಬೇಕಾದರೆ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸುವಂತಾಗಬೇಕು ಎಂದು ಡಿಸೆಂಬರ್ 31ರ ಗಡುವು ಕೊಟ್ಟಿತು. ಎನ್‌ಪಿಸಿಐಯ upihelp.npci.org.in ತಾಣದಲ್ಲಿಯೂ ಮೊಬೈಲ್ ನಂಬರು, ಒಟಿಪಿ ಕೊಟ್ಟು ಪಟ್ಟಿ ನೋಡಬಹುದು. ಅಲ್ಲಿಯೂ ಸಿಗದಿದ್ದರೆ ಹಿಂದೆ ಬಳಸಿ ಬಿಟ್ಟ ಆ್ಯಪುಗಳನ್ನು ಮತ್ತೆ ಹಾಕಿಕೊಂಡು ನೋಡುವುದೇ ದಾರಿ. ಆ್ಯಪ್ ಅಳಿಸಿಬಿಟ್ಟರೆ ಮ್ಯಾಂಡೇಟ್ ಅಳಿಯುವುದಿಲ್ಲ. ಅದು ಇರುವುದು ನಿಮ್ಮ ಫೋನಿನಲ್ಲಲ್ಲ, ಬ್ಯಾಂಕಿನ ಯುಪಿಐ ವ್ಯವಸ್ಥೆಯಲ್ಲಿ.

ಅದೇ ಪರದೆಯಲ್ಲಿ Pause ಎಂಬ ಇನ್ನೊಂದು ಗುಂಡಿಯೂ ಇರುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಸಿನಿಮಾ ಬೇಡ, ಆಮೇಲೆ ಬೇಕು ಎನ್ನುವವರಿಗೆ ಇದು ಸರಿ. ಎಂದಿನಿಂದ ಎಂದಿನವರೆಗೆ ಎಂದು ತಾರೀಕು ಕೊಟ್ಟರೆ ಅಷ್ಟು ದಿನ ಹಣ ಹೋಗದು. ಗಡುವು ಮುಗಿದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆ ಎನ್ನುವುದನ್ನು ಮಾತ್ರ ಮರೆಯಬಾರದು. ಇನ್ನೊಂದು ವಿಷಯ: ಇಲ್ಲಿ ನಿಲ್ಲುವುದು ಹಣ, ಒಪ್ಪಂದವಲ್ಲ. ವರ್ಷದ ಕರಾರಿಗೆ ಸಹಿ ಹಾಕಿ ಜಿಮ್ ಸೇರಿದವರು ಆಟೋಪೇ ನಿಲ್ಲಿಸಿದರೆ ಬಾಕಿ ಏನೂ ಮಾಯವಾಗುವುದಿಲ್ಲ. ಹಾಗಾಗಿ ಕಂಪನಿಯ ಆ್ಯಪಿನಲ್ಲಿ ಚಂದಾ ರದ್ದು ಮಾಡುವುದು, ಯುಪಿಐಯಲ್ಲಿ ಮ್ಯಾಂಡೇಟ್ ರದ್ದು ಮಾಡುವುದು ಎರಡನ್ನೂ ಮಾಡಬೇಕು.

ಎರಡನೆಯ ಸಾಲು, 3,240 ರೂಪಾಯಿ, ಬೈಕ್ ಸಾಲದ ಕಂತು. ತಮಾಷೆಯೆಂದರೆ ಅಂಗಡಿಯವರು ಮಾರ್ಚ್ 28ರಂದೇ ಉಳಿದ ಸಾಲವನ್ನೆಲ್ಲ ಒಟ್ಟಿಗೆ ಕಟ್ಟಿ ಮುಗಿಸಿದ್ದರು. ಆದರೂ ಏಪ್ರಿಲ್ 5ರಂದು ಕಂತು ಹೋಯಿತು. ACH D, NACH DR ಎಂಬ ಸಾಲುಗಳು ಕಂಡರೆ ಅದು ನ್ಯಾಚ್ ವ್ಯವಸ್ಥೆಯದು. ಸಾಲದ ಕಂತು, ವಿಮೆ, ಮ್ಯೂಚುವಲ್ ಫಂಡಿನ ಎಸ್‌ಐಪಿ ಹೆಚ್ಚಾಗಿ ಹೋಗುವುದು ಈ ದಾರಿಯಲ್ಲಿ. ಇದರಲ್ಲಿ ಕಂಪನಿಯವರು ಯಾರ್ಯಾರಿಂದ ಎಷ್ಟೆಷ್ಟು ಎಂಬ ಪಟ್ಟಿಯನ್ನು ತಮ್ಮ ಬ್ಯಾಂಕಿನ ಮೂಲಕ ಮುಂಚೆಯೇ ಕಳಿಸುತ್ತಾರೆ. ಸಾಲ ಮುಗಿದ ಸುದ್ದಿ ಆ ಪಟ್ಟಿ ತಯಾರಿಸುವವರಿಗೆ ತಲುಪುವ ಮೊದಲೇ ಪಟ್ಟಿ ಹೋಗಿರುತ್ತದೆ. ಇಂಥ ಹೆಚ್ಚುವರಿ ಕಂತನ್ನು ಸಾಲ ಕೊಟ್ಟವರೇ ಹಿಂದಿರುಗಿಸಬೇಕು. ಸಾಲ ತೀರಿದ್ದಕ್ಕೆ ಕೊಡುವ ಎನ್‌ಒಸಿ ಪತ್ರದ ಪ್ರತಿ, ಪಾಸ್‌ಬುಕ್ಕಿನ ಆ ಪುಟ ಎರಡನ್ನೂ ಸೇರಿಸಿ ಇಮೇಲ್ ಮಾಡಿ.

ಆದರೆ ಮುಂದಿನ ತಿಂಗಳು ಮತ್ತೆ ಹೋಗದಂತೆ ನೋಡಿಕೊಳ್ಳುವುದು ಬೇರೆ ಕೆಲಸ. ನ್ಯಾಚ್ ಮ್ಯಾಂಡೇಟ್ ಪ್ರತಿಯೊಂದಕ್ಕೂ ಯುಎಂಆರ್‌ಎನ್ ಎಂಬ ಇಪ್ಪತ್ತು ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಅಥವಾ ಮೊಬೈಲ್ ಆ್ಯಪಿನಲ್ಲಿ e-Mandate, NACH ಎಂಬಂಥ ಹೆಸರಿನ ಪುಟದಲ್ಲಿ ಅದು ಸಿಗುತ್ತದೆ. ಹಲವು ಬ್ಯಾಂಕುಗಳಲ್ಲಿ ರದ್ದು ಮಾಡುವ ಗುಂಡಿಯೂ ಅಲ್ಲೇ ಇದೆ. ಇಲ್ಲದಿದ್ದರೆ ಶಾಖೆಗೆ ಹೋಗಿ, ಯುಎಂಆರ್‌ಎನ್, ಕಂಪನಿಯ ಹೆಸರು, ಖಾತೆ ನಂಬರ್ ಬರೆದ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸಾಲದ ಮ್ಯಾಂಡೇಟ್ ಆದರೆ ಎನ್‌ಒಸಿ ತೋರಿಸಿ ಎನ್ನುವ ಶಾಖೆಗಳುಂಟು, ಜೊತೆಗಿಟ್ಟುಕೊಂಡು ಹೋಗಿ. ಮುಂದಿನ ಕಂತಿನ ತಾರೀಕಿಗೆ ಒಂದು ವಾರ ಇರುವಾಗಲೇ ಹೋದರೆ ಕ್ಷೇಮ.

ಹಳೆಯ ಕಾಗದದ ನ್ಯಾಚ್ ಫಾರಂ ಕೈಯಲ್ಲಿದ್ದರೆ ಒಮ್ಮೆ ಓದಿ ನೋಡಿ. ಅದರಲ್ಲಿ Fixed Amount, Maximum Amount ಎಂಬ ಎರಡು ಚೌಕಗಳಿರುತ್ತವೆ. ಬಹುತೇಕ ಏಜೆಂಟರು ಟಿಕ್ ಹಾಕಿಸುವುದು ಎರಡನೆಯದಕ್ಕೆ. ಎಷ್ಟು ದಿನಕ್ಕೊಮ್ಮೆ ಎಂಬ ಕಡೆ Monthly ಬದಲು As & when presented ಎಂಬುದಕ್ಕೆ ಟಿಕ್ ಬಿದ್ದಿದ್ದರೆ, ಕಂಪನಿ ತಿಂಗಳಲ್ಲಿ ಎಷ್ಟು ಸಲ ಬೇಕಾದರೂ ಹಣ ಕೇಳಬಹುದು. ಒಂದೇ ತಿಂಗಳಲ್ಲಿ ಎರಡು ಮೂರು ಸಲ ಕಟ್ ಆಗುವುದರ ಗುಟ್ಟು ಹಲವು ಸಲ ಈ ಟಿಕ್ಕಿನಲ್ಲಿ ಇರುತ್ತದೆ.

ಯುಪಿಐಯಲ್ಲಿರುವಂತೆ ತಾರೀಕು ಕೊಟ್ಟು ತಡೆಹಿಡಿಯುವ ಸೌಲಭ್ಯವನ್ನು ನ್ಯಾಚ್‌ನಲ್ಲಿ ನಿರೀಕ್ಷಿಸಬೇಡಿ. ಎಸ್‌ಐಪಿಯನ್ನು ಕೆಲವು ತಿಂಗಳು ನಿಲ್ಲಿಸಬೇಕೆಂದರೆ ಫಂಡ್ ಸಂಸ್ಥೆಗೆ ಹೇಳಬೇಕು, ಬ್ಯಾಂಕಿಗಲ್ಲ. ಖಾತೆಯಲ್ಲಿ ಹಣ ಇಡದೆ ಸುಮ್ಮನಿದ್ದರೆ ತಾನೇ ನಿಲ್ಲುತ್ತದೆ ಎಂಬ ಉಪಾಯ ದುಬಾರಿ. ಪ್ರತಿ ಸಲ ಕಂತು ವಾಪಸಾದಾಗ ಬ್ಯಾಂಕು ದಂಡ ಹಾಕುತ್ತದೆ. ದಂಡ 250 ರೂಪಾಯಿ ಇದ್ದರೆ ಶೇ. 18ರ ಜಿಎಸ್‌ಟಿ ಸೇರಿ 295. ಆ ಮೇಲೆ ಸಾಲ ಕೊಟ್ಟವರು ತಮ್ಮ ದಂಡವನ್ನು ಬೇರೆ ಹಾಕುತ್ತಾರೆ. ನಡೆಯುತ್ತಿರುವ ಸಾಲದ ಮ್ಯಾಂಡೇಟನ್ನಂತೂ ಬೇರೆ ರೀತಿಯಲ್ಲಿ ಕಟ್ಟುವ ಏರ್ಪಾಡಿಲ್ಲದೆ ಮುಟ್ಟಬಾರದು. ಹಣವಿಲ್ಲದೆ ಎಲೆಕ್ಟ್ರಾನಿಕ್ ಪಾವತಿ ವಾಪಸಾದರೆ 2007ರ ಪಾವತಿ ಮತ್ತು ಸೆಟಲ್‌ಮೆಂಟ್ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಪ್ರಕಾರ ಚೆಕ್ ಬೌನ್ಸ್ ಮಾದರಿಯಲ್ಲೇ ಕೇಸು ಹಾಕಲು ಅವಕಾಶವಿದೆ.

ಮೂರನೆಯದು 436 ರೂಪಾಯಿ. ಇದರ ಹಿಂದೆ ಯಾವ ಕಂಪನಿಯ ಮ್ಯಾಂಡೇಟೂ ಇಲ್ಲ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು ಇದು. ಸುರಕ್ಷಾ ಬಿಮಾ ಯೋಜನೆಗಾದರೆ 20 ರೂಪಾಯಿ, ಸಾಲಿನಲ್ಲಿ PMSBY ಎಂದಿರುತ್ತದೆ. ಖಾತೆ ತೆರೆಯುವಾಗ ಸಹಿ ಮಾಡಿದ ಕಾಗದಗಳಲ್ಲಿ ಇದೂ ಒಂದಿದ್ದದ್ದು ಬಹಳ ಜನಕ್ಕೆ ನೆನಪಿರುವುದಿಲ್ಲ. ಇವನ್ನು ಬ್ಯಾಂಕೇ ಕಡಿಯುವುದರಿಂದ ಯುಪಿಐ ಆ್ಯಪಿನಲ್ಲೂ ನ್ಯಾಚ್ ಪುಟದಲ್ಲೂ ಹುಡುಕಿ ಪ್ರಯೋಜನವಿಲ್ಲ.

ಎರಡು ಲಕ್ಷದ ವಿಮೆ 436 ರೂಪಾಯಿಗೆ ಅಗ್ಗವೇ, ಆತುರದಲ್ಲಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಬ್ಯಾಂಕಿನ ಖಾತೆಗಳಲ್ಲೂ 436 ಕಟ್ ಆಗುತ್ತಿದ್ದರೆ ಒಂದನ್ನು ನಿಲ್ಲಿಸಲೇಬೇಕು. ಒಬ್ಬರು ಒಂದೇ ಖಾತೆಯ ಮೂಲಕ ಸೇರಬಹುದೆಂಬುದು ಯೋಜನೆಯ ನಿಯಮ. ಎರಡು ಕಡೆ ಕಟ್ಟಿದರೂ ಸಿಗುವುದು ಎರಡು ಲಕ್ಷ ಮಾತ್ರ, ಇನ್ನೊಂದು ಕಂತು ಮುಟ್ಟುಗೋಲಾಗಬಹುದು. ನವೀಕರಣದ ಹಣ ಮೇ ಕೊನೆಯ ವಾರದಲ್ಲಿ ಹೋಗುತ್ತದೆ. ಆದ್ದರಿಂದ ಬೇಡ ಎಂಬ ಅರ್ಜಿಯನ್ನು ಮೇ ಮಧ್ಯದೊಳಗೆ ಆ ಶಾಖೆಗೆ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕು.

ಡೆಬಿಟ್ ಕಾರ್ಡಿನ ನಂಬರ್ ಕೊಟ್ಟು ಮಾಡಿದ ಆಟೋಪೇ ಇದ್ದರೆ ಬ್ಯಾಂಕಿನ ತಾಣದಲ್ಲಿ ಕಾರ್ಡ್ ವಿಭಾಗದ e-mandate ಪುಟದಲ್ಲಿ ಅದು ಸಿಗುತ್ತದೆ. ಕಾರ್ಡ್ ಮ್ಯಾಂಡೇಟನ್ನು ಗ್ರಾಹಕ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಲು ಬ್ಯಾಂಕು ದಾರಿ ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಗೂಗಲ್‌ನಲ್ಲಿ "ಆಟೋಪೇ ಕ್ಯಾನ್ಸಲ್ ನಂಬರ್" ಎಂದು ಹುಡುಕಿ ಸಿಕ್ಕವರಿಗೆ ಫೋನ್ ಮಾಡಬೇಡಿ. ರದ್ದು ಮಾಡಿಕೊಡುತ್ತೇವೆಂದು ಒಟಿಪಿ ಕೇಳುವವರು, ಸ್ಕ್ರೀನ್ ಹಂಚುವ ಆ್ಯಪ್ ಹಾಕಿಕೊಳ್ಳಿ ಎನ್ನುವವರು ಕಳ್ಳರೇ.

ಅರ್ಜಿ ಕೊಟ್ಟ ಮೇಲೂ ಹಣ ಹೋದರೆ ಸೀಲು ಬಿದ್ದ ಪ್ರತಿಯನ್ನಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ದೂರಿನ ನಂಬರ್ ಪಡೆಯಿರಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಮಾಹಿತಿ ಬೇಕಾದವರು 14448ಕ್ಕೆ ಫೋನ್ ಮಾಡಬಹುದು. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.